ಶತಾಯುಷ್ಯದ ಪ್ರತೀತಿ ಮತ್ತು ಪ್ರಮಾಣ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ನೂರು ದಾಟಿದವರೆಂದು ಹೇಳಲ್ಪಡುವ ವೃದ್ಧರ ಜನನವನ್ನು ಬರೆದಿಟ್ಟ ಕಾಗದ ಸಾಮಾನ್ಯವಾಗಿ ದೊರೆಯುವುದಿಲ್ಲ. ಮನೆಯವರು ಹೇಳಿದ ವರ್ಷವೇ ಮುಂದೆ ಪಡಿತರ ಚೀಟಿಗೂ ಮತದಾರರ ಪಟ್ಟಿಗೂ ಏರುತ್ತದೆ. ಹೀಗೆ ಮೂರು ದಾಖಲೆಗಳಿದ್ದರೂ ಸಾಕ್ಷಿ ಒಂದೇ. ಶಾಲೆಯ ದಾಖಲಾತಿ ಪುಸ್ತಕವೂ ಇದಕ್ಕೆ ಹೊರತಲ್ಲ. ಮಗುವಿನ ಮುಖ ನೋಡಿ ಜನ್ಮದಿನ ಬರೆದ ಉಪಾಧ್ಯಾಯರಲ್ಲಿ ಈ ಲೇಖಕನೂ ಒಬ್ಬ.

ಸಂವತ್ಸರದ ಹೆಸರು ಇದಕ್ಕಿಂತ ಮೇಲು. ಅದು 60 ವರ್ಷಕ್ಕೊಮ್ಮೆ ಮರಳುವುದಾದರೂ ಎದುರಿಗೆ ಕುಳಿತವರ ವಿಷಯದಲ್ಲಿ ಗೊಂದಲಕ್ಕೆ ಎಡೆಯಿಲ್ಲ. ಕಾಳಯುಕ್ತಿಯಲ್ಲಿ ಹುಟ್ಟಿದೆನೆಂಬ ಮುದುಕಿಯ ವರ್ಷ 1918–19 ಆಗಿರಬಹುದು, 1858 ಆಗಲಾರದು. ಆದರೆ ಆ ಹೆಸರು ಬಾಲ್ಯದಿಂದ ಕೇಳಿದ್ದೋ, ವಯಸ್ಸನ್ನು ಮೊದಲು ನಿಶ್ಚಯಿಸಿ ಪಂಚಾಂಗದಿಂದ ಹಿಂದಕ್ಕೆ ಎಣಿಸಿದ್ದೋ ಎಂಬುದನ್ನು ವಿಚಾರಿಸಬೇಕು. ಅದೇ ವರ್ಷದ ಇನ್‌ಫ್ಲುಯೆಂಜಾ ಜ್ವರದ ಕಥೆಯೂ ಹಾಗೆಯೇ: ತಾಯಿಯಿಂದ ಕೇಳಿದ್ದು ಎಷ್ಟೋ ವರ್ಷಗಳ ಮೇಲೆ ತಾನೇ ಕಂಡದ್ದಾಗಿಬಿಡುತ್ತದೆ.

'ನಾನು ಹುಟ್ಟಿದಾಗ ನೆಟ್ಟ ತೆಂಗು' ಎಂಬ ಮಾತು ನಮ್ಮ ಸೀಮೆಗೆ ಸಹಜವಾದುದು. ತೆಂಗಿನ ಕಾಂಡದೊಳಗೆ ವರ್ಷದ ಉಂಗುರಗಳಿಲ್ಲ. ಹೊರಗೆ ಗರಿ ಬಿದ್ದ ಗುರುತುಗಳಿವೆ. ಬೆಳೆದ ಮರ ವರ್ಷಕ್ಕೆ ಸುಮಾರು 12 ಗರಿ ಬಿಡುವುದರಿಂದ ಗುರುತು ಎಣಿಸಿ ಮರದ ಪ್ರಾಯವನ್ನು ಅಂದಾಜು ಮಾಡಬಹುದು. ಬುಡದ ಗುರುತುಗಳು ಅಳಿಸಿರುತ್ತವೆ, ಬರಗಾಲದಲ್ಲಿ ಗರಿ ಕಡಿಮೆ. ಇಷ್ಟಾದರೂ ಸಸಿ ಸತ್ತ ಗುಂಡಿಯಲ್ಲೇ ಮತ್ತೊಂದನ್ನು ನೆಟ್ಟಿದ್ದರೆ ಎಣಿಕೆಯೆಲ್ಲ ವ್ಯರ್ಥ. ತೀರಿಹೋದ ಕೂಸಿನ ಹೆಸರನ್ನು ಮುಂದಿನ ಕೂಸಿಗೆ ಇಡುವ ಮನೆಗಳಲ್ಲಿಯೂ ಇದೇ ತೊಡಕು.

ಹೆಚ್ಚು ಬಲವಾದುದು ಮಕ್ಕಳ ಪ್ರಾಯ. 2025ರಲ್ಲಿ ಒಬ್ಬಾಕೆಗೆ 112 ಎನ್ನುತ್ತಾರೆನ್ನಿ. ಹುಟ್ಟು 1913 ಆಯಿತು. ಕಡೆಯ ಮಗ 1968ರಲ್ಲಿ ಹುಟ್ಟಿದ್ದರೆ ತಾಯಿಗೆ ಆಗ 55 ಆಗಿರಬೇಕು, ಇದು ಒಪ್ಪತಕ್ಕದ್ದಲ್ಲ. ಹೆರಿಗೆಯ ಕಾಲ 45ರ ಸುಮಾರಿಗೆ ಮುಗಿಯುವುದೆಂದು ಹಿಡಿದರೆ ಆಕೆ 1923ಕ್ಕಿಂತ ಬಹಳ ಹಿಂದೆ ಹುಟ್ಟಿರಲಾರಳು. ನೂರರ ಆಸುಪಾಸು ಎನ್ನಬಹುದು, 112 ಎನ್ನಲಾಗದು.

ನೆರೆಯ ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿದ ಸಾಲುಮರದ ತಿಮ್ಮಕ್ಕನವರ ವಿಷಯದಲ್ಲಿ ಈ ಒರೆಗಲ್ಲೇ ಇಲ್ಲ. ಜನನ 1911ರ ಜೂನ್ 30 ಎಂದು ಪ್ರಸಿದ್ಧಿ. 2025ರ ನವೆಂಬರ್ 14ರಂದು ತೀರಿಕೊಂಡಾಗ 114 ಎಂದರು. ಅವರು ಶಾಲೆ ಕಂಡವರಲ್ಲ, ಒಡಲ ಮಕ್ಕಳಿಲ್ಲ. ಪತಿ ಚಿಕ್ಕಯ್ಯನವರೊಡನೆ ಹುಲಿಕಲ್–ಕುದೂರು ರಸ್ತೆಯಲ್ಲಿ ಬೆಳೆಸಿದ ಆಲದ ಮರಗಳು ಅವರ ದುಡಿಮೆಗೆ ಸಾಕ್ಷಿ, ಜನನಕ್ಕಲ್ಲ. ಫ್ರಾನ್ಸಿನ ಜಾನ್ ಕಾಲ್ಮಾ 122 ವರ್ಷ ಬದುಕಿದರೆಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪಿರುವುದು 1875ರ ಜನನದ ದಾಖಲೆಯೂ ಮುಂದಿನ ಜನಗಣತಿಗಳೂ ಕೂಡಿಬಂದುದರಿಂದ. ಅಂತಹ ಕಾಗದ ದೊರೆಯುವವರೆಗೆ ತಿಮ್ಮಕ್ಕನವರ 114ನ್ನು ಸುಳ್ಳೆನ್ನಲು ಆಧಾರವಿಲ್ಲ, ಸಿದ್ಧವಾಯಿತೆನ್ನಲೂ ಇಲ್ಲ. 'ಎಂದು ಪ್ರತೀತಿ' ಎಂದು ಬರೆಯತಕ್ಕದ್ದು.