ಹಳೇ ಪೇಪರಿನ ತೂಕ

ಮುಂಬೈ, ಪುಣೆಯಲ್ಲಿರುವವರಿಗೆ ‘ರದ್ದಿವಾಲಾ’ ದಿನನಿತ್ಯದ ಮಾತು. ಬೆಂಗಳೂರಿನಲ್ಲಿ ಅದೇ ಅಂಗಡಿ ‘ಗುಜರಿ’. ‘ರದ್ದಿ’ ಮತ್ತು ನಮ್ಮ ಕಚೇರಿಗಳ ‘ರದ್ದು’ ಒಂದೇ ಬೇರಿನವು. ಎರಡೂ ಅರಬ್ಬಿಯಿಂದ ಬಂದವು, ತಳ್ಳಿಹಾಕಿದ್ದು ಎಂಬ ಅರ್ಥದವು. ಆದರೆ ತಳ್ಳಿಹಾಕಿದ್ದಕ್ಕೂ ಬೆಲೆಯಿದೆ. ಆ ಬೆಲೆ ನಿಂತಿರುವುದು ಸುದ್ದಿಯ ಮೇಲಲ್ಲ, ತೂಕದ ಮೇಲೆ.

ದೊಡ್ಡ ಅಳತೆಯ ಪತ್ರಿಕೆಯ ಒಂದು ಹಾಳೆ, ಅಂದರೆ ಎರಡು ಪುಟ, ಸುಮಾರು 9 ಗ್ರಾಂ ತೂಗುತ್ತದೆ. ಹತ್ತು ಪುಟದ ಪತ್ರಿಕೆ 45 ಗ್ರಾಂ. ತಿಂಗಳಿಗೆ ಒಂದೂಕಾಲು ಕಿಲೋಗಿಂತ ತುಸು ಹೆಚ್ಚು. ಇಪ್ಪತ್ತನಾಲ್ಕು ಪುಟದ್ದಾದರೆ ಮೂರು ಕಿಲೋ ದಾಟುತ್ತದೆ. ಹಾಗಾಗಿ ಮನೆಯ ಮೂಲೆಯ ರಾಶಿ ಎಷ್ಟು ಬೆಳೆಯಬೇಕೆಂಬುದು ಪುಟಗಳ ಲೆಕ್ಕ.

ಆ ಪುಟಗಳನ್ನು ಒಂದು ಕಾಲದಲ್ಲಿ ಸರ್ಕಾರವೇ ಎಣಿಸುತ್ತಿತ್ತು. ಇಷ್ಟು ಬೆಲೆಗೆ ಇಷ್ಟೇ ಪುಟ ಎಂದು 1960ರ ಆದೇಶ ಹೇಳಿತು. ಪುಣೆಯ ‘ಸಕಾಳ್’ ಪತ್ರಿಕೆಯವರು ಸುಪ್ರೀಂ ಕೋರ್ಟಿಗೆ ಹೋದರು. 1961ರಲ್ಲಿ ಆ ಆದೇಶ ಬಿದ್ದುಹೋಯಿತು. ಮುಂದೆ ಮುದ್ರಣ ಕಾಗದದ ಹಂಚಿಕೆಯ ನೀತಿಯ ಮೂಲಕ ಹತ್ತು ಪುಟದ ಮಿತಿ ಬಂತು. ಅದನ್ನೂ ಕೋರ್ಟು 1972ರಲ್ಲಿ, ಬೆನೆಟ್ ಕೋಲ್ಮನ್ ಮೊಕದ್ದಮೆಯಲ್ಲಿ, ತೆಗೆದುಹಾಕಿತು. ವಾದ ನಡೆದದ್ದು ಅಭಿವ್ಯಕ್ತಿ ಸ್ವಾತಂತ್ರ್ಯದ ಮೇಲೆ. ಆದರೆ ಪುಟ ಹೆಚ್ಚಿದಾಗ ರದ್ದಿಯವನ ತಕ್ಕಡಿಯೂ ಭಾರವಾಯಿತು.

ತಕ್ಕಡಿ ಭಾರವಾದರೂ ಲಾಭ ತೆಳುವೇ. ಒಂದು ಲೆಕ್ಕ ಹಾಕಿ ನೋಡೋಣ. ಗಾಡಿಯವನು ಮನೆಗಳಿಂದ ಕಿಲೋಗೆ 12 ರೂಪಾಯಿಯಂತೆ 50 ಕಿಲೋ ಕೊಂಡು, ಅಂಗಡಿಗೆ 14ರಂತೆ ಕೊಟ್ಟ ಎಂದುಕೊಳ್ಳಿ. ಹಾಕಿದ ಬಂಡವಾಳ 600, ಉಳಿಕೆ 100. ಗಾಡಿ ಬಾಡಿಗೆ 30 ಕಳೆದರೆ 70. ಈಗ ಒಂದು ಕಟ್ಟಿನೊಳಗೆ ತೇವವಿದ್ದು, ಅಂಗಡಿಯವನು ಎರಡು ಕಿಲೋ ಹೊಡೆದುಹಾಕಿದರೆ ಕೈಗೆ ಸಿಗುವುದು 42 ಮಾತ್ರ. ತೂಕದಲ್ಲಿ ನೂರಕ್ಕೆ ನಾಲ್ಕರ ನಷ್ಟ, ದುಡಿಮೆಯಲ್ಲಿ ನೂರಕ್ಕೆ ನಲವತ್ತರದ್ದು. ಅದಕ್ಕೇ ಅನುಭವಸ್ಥ ಕಟ್ಟಿನ ಮೇಲ್ಭಾಗ ನೋಡುವುದಿಲ್ಲ, ನಡುವೆ ಕೈ ತೂರಿಸುತ್ತಾನೆ. ಒಣಗಿದ ಕಾಗದ ಸರಬರ ಸದ್ದು ಮಾಡುತ್ತದೆ. ತೇವದ್ದು ಮೆತ್ತಗೆ ಬಾಗುತ್ತದೆ.

ಇನ್ನೊಂದು ಆಸರೆ ವಿಂಗಡಣೆ. ಹರಿಯದ, ಮಡಿಕೆ ಕೆಡದ ಹಾಳೆಗಳು ಪೊಟ್ಟಣ ಕಟ್ಟುವವರಿಗೆ ಹೋಗಿ ತುಸು ಹೆಚ್ಚು ಬೆಲೆ ತರುತ್ತವೆ. ಹರಿದದ್ದು ಗಿರಣಿಗೆ ಹೋಗಿ ಮತ್ತೆ ಕಾಗದವಾಗುತ್ತದೆ. ಮಸಿಯಲ್ಲಿರುವ ರಾಸಾಯನಿಕಗಳಿಂದ ಹಾನಿಯಿದೆ, ತಿಂಡಿಯನ್ನು ಪತ್ರಿಕೆಯಲ್ಲಿ ಕಟ್ಟಬೇಡಿ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ 2016ರಲ್ಲಿ ಎಚ್ಚರಿಸಿತು. ಮಾತು ಸರಿಯಾದದ್ದೇ. ಅದನ್ನು ಪಾಲಿಸಿದಷ್ಟೂ ಬಜ್ಜಿ ಅಂಗಡಿಯ ಗಿರಾಕಿ ತಪ್ಪುತ್ತಾನೆ; ಇಡೀ ಹಾಳೆಯೂ ಹರಿದದ್ದರ ಜೊತೆ ಗಿರಣಿಯ ದರಕ್ಕೆ ಇಳಿಯುತ್ತದೆ. ಕಿಲೋಗೆ ಎರಡು ರೂಪಾಯಿ ಉಳಿಸಿಕೊಳ್ಳುವವನಿಗೆ ಒಂದು ರೂಪಾಯಿ ಇಳಿದರೂ ಅರ್ಧ ಉಳಿಕೆ ಹೋದಂತೆ.