ಅಜ್ಜಿ ಮನೆ ಗೋಡೆಯ ಬಲ್ಬು ಮತ್ತು ತಾಮ್ರದ ಲೆಕ್ಕ

ಭಾಗ 1/7: ಗೋಡೆ ತೂತಿನ ಬಲ್ಬು

ಮೊನ್ನೆ ಸ್ಟೋರಿಯಲ್ಲಿ "ಬಲ್ಬ್ ಕಂಡುಹಿಡಿದವರು ಯಾರು?" ಅಂತ ಕೇಳಿದ್ದೆ. ಬಂದ ಉತ್ತರ ಎಲ್ಲರದ್ದೂ ಒಂದೇ, ಎಡಿಸನ್. ನಾನೂ ಎಸ್ಸೆಸ್ಸೆಲ್ಸಿಯಲ್ಲಿ ಹಾಗೇ ಬರೆದು ಒಂದು ಮಾರ್ಕ್ಸ್ ತಗೊಂಡವನೇ. ಆದ್ರೆ ಆ ಉತ್ತರ ಅರ್ಧ ಮಾತ್ರ ಸರಿ. ಉಳಿದ ಅರ್ಧ ತಿಳಿಯೋಕೆ ನಮ್ಮ ಬಿ.ಜಿ. ಕೆರೆಯ ಅಜ್ಜಿ ಮನೆಗೆ ಬನ್ನಿ.

ಅಡುಗೆ ಕೋಣೆಗೂ ಪಡಸಾಲೆಗೂ ನಡುವಿನ ಗೋಡೆಯಲ್ಲಿ ಒಂದು ತೂತು ಇದೆ. ಮೊದಲ ಸಲ ಕರೆಂಟ್ ಬಂದಾಗ ಸಿಕ್ಕಿದ್ದು ಒಂದೇ ಬಲ್ಬು. ಅದನ್ನ ಒಂದು ಕೋಣೆಗೆ ಹಾಕಿದರೆ ಇನ್ನೊಂದು ಕತ್ತಲು. ಅದಕ್ಕೆ ಗೋಡೆ ಕೊರೆದು ಆ ತೂತಲ್ಲೇ ಹೋಲ್ಡರ್ ಇಟ್ಟರು. ಈ ಕಡೆ ರೊಟ್ಟಿ ಬಡಿಯೋಕೆ ಬೆಳಕು, ಆ ಕಡೆ ಮಕ್ಕಳು ಓದೋಕೆ ಬೆಳಕು. ಹಳೇ ಮನೆಗಳಲ್ಲಿ ನೀವೂ ಇಂಥದ್ದು ನೋಡಿರ್ತೀರಿ.

ಅದು 40 ವ್ಯಾಟ್ ಬಲ್ಬು. ಅದು ಆ ತೂತಿನವರೆಗೆ ಬರೋಕೆ ನೂರು ವರ್ಷಕ್ಕೂ ಹೆಚ್ಚು ಹಿಡೀತು. ಯಾಕೆ ಅಷ್ಟು ತಡ? ಬೆಳಕು ಮಾಡೋದು ಬೇಗ ಗೊತ್ತಾಯ್ತು. ಅದನ್ನ ಮನೆಗೆ ತರೋ ಖರ್ಚು ಗಿಟ್ಟಲಿಲ್ಲ.

ಭಾಗ 2/7: ಉರಿದು ಹೋಗುವ ದಾರ

ಒಂದು ತೆಳು ತಂತಿಯಲ್ಲಿ ಕರೆಂಟ್ ಹರಿಸಿದರೆ ಅದು ಕಾಯುತ್ತೆ, ಇನ್ನೂ ಹರಿಸಿದರೆ ಕೆಂಪಾಗುತ್ತೆ, ಆಮೇಲೆ ಬೆಳ್ಳಗೆ ಹೊಳೆಯುತ್ತೆ. ಲಂಡನ್ನಿನ ಹಂಫ್ರಿ ಡೇವಿ ಇದನ್ನ ಪ್ಲಾಟಿನಂ ಪಟ್ಟಿಯಲ್ಲಿ ತೋರಿಸಿದ್ದು 1802ರಲ್ಲಿ. ಆಗ ಎಡಿಸನ್ ಹುಟ್ಟೇ ಇರಲಿಲ್ಲ. 1841ರಲ್ಲಿ ಫ್ರೆಡರಿಕ್ ಡಿ ಮೊಲೀನ್ಸ್ ಎಂಬುವರು ಇಂಥ ದೀಪಕ್ಕೆ ಪೇಟೆಂಟ್ ಕೂಡ ತಗೊಂಡರು.

ಸಮಸ್ಯೆ ಎಲ್ಲಿ ಬಂತು ಅಂದ್ರೆ, ಪ್ಲಾಟಿನಂ ದುಬಾರಿ, ಸ್ವಲ್ಪ ಹೆಚ್ಚು ಕಾದರೆ ಕರಗಿಯೂ ಹೋಗುತ್ತೆ. ಕಾರ್ಬನ್, ಅಂದ್ರೆ ಸುಟ್ಟು ಇದ್ದಿಲಾದ ಕಾಗದ ಅಥವಾ ದಾರ, ಅಗ್ಗ. ಕರಗೋದೂ ಇಲ್ಲ. ಆದ್ರೆ ಗಾಳಿ ಇದ್ದರೆ ಒಲೆಯಲ್ಲಿ ಇದ್ದಿಲು ಉರಿದ ಹಾಗೆ ಉರಿದು ಬೂದಿಯಾಗುತ್ತೆ. ಹಾಗಾಗಿ ಗಾಜಿನ ಬುರುಡೆಯೊಳಗಿನ ಗಾಳಿ ತೆಗೀಬೇಕು.

ಇಂಗ್ಲೆಂಡಿನ ಜೋಸೆಫ್ ಸ್ವಾನ್ 1860ರ ಹೊತ್ತಿಗೇ ಕಾಗದದ ಕಾರ್ಬನ್ ಹಚ್ಚಿ ನೋಡಿದ್ದರು. ಆಗಿನ ಪಂಪುಗಳು ಗಾಳಿಯನ್ನ ಪೂರ್ತಿ ತೆಗೆಯುತ್ತಿರಲಿಲ್ಲ, ದೀಪ ಬಾಳಲಿಲ್ಲ. 1865ರಲ್ಲಿ ಹರ್ಮನ್ ಸ್ಪ್ರೆಂಗೆಲ್ ಪಾದರಸದ ಪಂಪು ಮಾಡಿದರು. ಕಿರಿದಾದ ಕೊಳವೆಯಲ್ಲಿ ಬೀಳುವ ಪಾದರಸದ ಹನಿಗಳು ನಡುನಡುವೆ ಗಾಳಿಯನ್ನ ಸಿಕ್ಕಿಸಿಕೊಂಡು ಕೆಳಗೆ ಒಯ್ಯುತ್ತವೆ. ನಿಧಾನ, ಆದ್ರೆ ಗಾಳಿ ಚೆನ್ನಾಗಿ ಹೋಗುತ್ತೆ.

ಆಗಲೂ ಒಂದು ಕಾಟ ಉಳೀತು. ಕಾರ್ಬನ್ ತನ್ನ ಮೈಯೊಳಗೆ ಗಾಳಿ ಹಿಡಿದಿಟ್ಟುಕೊಂಡಿರುತ್ತೆ. ದೀಪ ಹಚ್ಚಿದ ಮೇಲೆ ಅದು ಹೊರಬರುತ್ತೆ. ಅದಕ್ಕೆ ಪಂಪು ನಡೀತಿರುವಾಗಲೇ ಕರೆಂಟ್ ಹರಿಸಿ ಕಾರ್ಬನ್ ಕಾಯಿಸಿ, ಆ ಗಾಳಿಯನ್ನೂ ಎಳೆದು, ಆಮೇಲೆ ಗಾಜಿನ ಬಾಯಿ ಮುಚ್ಚಬೇಕು. ಇದು ಸ್ವಾನ್ ಮತ್ತು ಎಡಿಸನ್ ಇಬ್ಬರಿಗೂ ಗೊತ್ತಾಯ್ತು. 1879ರ ಫೆಬ್ರವರಿಯಲ್ಲಿ ನ್ಯೂಕ್ಯಾಸಲ್ಲಿನಲ್ಲಿ ಸ್ವಾನ್ ಜನರ ಮುಂದೆ ದೀಪ ಹಚ್ಚಿ ತೋರಿಸಿದರು. ಎಡಿಸನ್ನರ ಯಶಸ್ವಿ ದೀಪ ಅದೇ ವರ್ಷ ಅಕ್ಟೋಬರಿನದ್ದು.

ಹಾಗಾದ್ರೆ ಎಡಿಸನ್ ಹೆಸರೇ ಯಾಕೆ ಉಳೀತು? ಮುಂದಿನ ಭಾಗ ಕಾಮರ್ಸ್‌ನವರಿಗೆ ಇಷ್ಟ ಆಗುತ್ತೆ.

ಭಾಗ 3/7: ತಾಮ್ರದ ಲೆಕ್ಕ

1878ರಲ್ಲಿ ಎಡಿಸನ್ "ಮನೆಮನೆಗೆ ವಿದ್ಯುತ್ ದೀಪ ತರ್ತೀನಿ" ಅಂತ ಘೋಷಿಸಿದ್ದೇ ತಡ, ಗ್ಯಾಸ್ ದೀಪದ ಕಂಪನಿಗಳ ಷೇರು ಬಿದ್ದವು. ಕೈಯಲ್ಲಿ ಬಾಳುವ ಬಲ್ಬು ಇನ್ನೂ ಇರಲಿಲ್ಲ! ಆದ್ರೆ ಅವರು ಮೊದಲಿಂದಲೂ ಗ್ಯಾಸ್ ರೇಟಿಗೆ ಸಮ ನಿಲ್ಲಬೇಕು ಅಂತಲೇ ಲೆಕ್ಕ ಹಾಕ್ತಿದ್ದರು. ಲೆಕ್ಕ ಮಾಡೋಕೆ ಫ್ರಾನ್ಸಿಸ್ ಅಪ್ಟನ್ ಅನ್ನೋ ಗಣಿತಜ್ಞರನ್ನ ಇಟ್ಟುಕೊಂಡಿದ್ದರು. ದೊಡ್ಡ ಖರ್ಚು ತಾಮ್ರದ ತಂತಿಯದ್ದು.

ಒಂದು ಉದಾಹರಣೆ ಮಾಡೋಣ. ಸೂತ್ರ ಒಂದೇ: ವ್ಯಾಟ್ = ಕರೆಂಟ್ × ಕರೆಂಟ್ × ರೋಧ. ಎರಡು ಬಲ್ಬು, ಎರಡೂ 100 ವ್ಯಾಟ್. ಅಲ್ಲಿಗೆ ಹೋಗುವ ತಂತಿಯ ರೋಧ 1 ಓಮ್ ಅಂತ ಇಟ್ಕೊಳ್ಳಿ.

ಮೊದಲನೇ ಬಲ್ಬಿನ ದಾರ ದಪ್ಪ, ರೋಧ 1 ಓಮ್. 100 ವ್ಯಾಟ್ ಆಗೋಕೆ 10 ಆಂಪಿಯರ್ ಬೇಕು. ಅದೇ 10 ಆಂಪಿಯರ್ ತಂತಿಯಲ್ಲೂ ಹರಿಯುತ್ತೆ. ಅಂದ್ರೆ ತಂತಿ ಕಾಯೋಕೂ 100 ವ್ಯಾಟ್ ಹೋಯ್ತು. ಅರ್ಧ ಮಾಲು ದಾರಿಯಲ್ಲೇ ಸೋರಿತು.

ಎರಡನೇ ಬಲ್ಬಿನ ದಾರ ಸಣ್ಣ, ರೋಧ 100 ಓಮ್. ಇದಕ್ಕೆ 1 ಆಂಪಿಯರ್ ಸಾಕು. ತಂತಿಯಲ್ಲಿ ನಷ್ಟ ಬರೀ 1 ವ್ಯಾಟ್.

ಈಗ ಮೊದಲನೇ ಬಲ್ಬಿನಲ್ಲೂ ನಷ್ಟ 1 ವ್ಯಾಟಿಗೆ ಇಳಿಸಬೇಕು ಅಂದ್ರೆ ತಂತಿಯ ರೋಧ ನೂರರಲ್ಲಿ ಒಂದು ಪಾಲಾಗಬೇಕು. ಅಂದ್ರೆ ಅಡ್ಡಕೊಯ್ತದ ವಿಸ್ತೀರ್ಣ ನೂರು ಪಟ್ಟು ಇರುವ ತಂತಿ. 1 ಕೆಜಿ ತಾಮ್ರದ ಜಾಗದಲ್ಲಿ 100 ಕೆಜಿ!

ಹಿಂದಿನವರು, ಸ್ವಾನ್ ಕೂಡ, ಮೊದಮೊದಲು ಬಳಸಿದ್ದು ದಪ್ಪ, ಕಡಿಮೆ ರೋಧದ ಕಾರ್ಬನ್. ದಪ್ಪ ಇದ್ದರೆ ಬಾಳಿಕೆ ಹೆಚ್ಚು ಅನ್ನೋ ಯೋಚನೆ ಒಂದು ಬಲ್ಬಿಗೆ ಸರಿ, ಒಂದು ಊರಿಗೆ ದಿವಾಳಿ. ಎಡಿಸನ್ನರ ತಂಡ ಹಿಡಿದದ್ದು ಇದನ್ನೇ. ಸುಟ್ಟ ಹತ್ತಿ ದಾರ, ಆಮೇಲೆ ಜಪಾನಿನ ಬಿದಿರಿನ ಸೀಳು. ಬಿದಿರಿನ ದೀಪ ಸಾವಿರ ಗಂಟೆ ದಾಟಿತು.

ಇನ್ನೊಂದು ಲಾಭ. ಗಣೇಶನ ಹಬ್ಬದ ಸೀರಿಯಲ್ ಸೆಟ್‌ನಲ್ಲಿ ಒಂದು ಬಲ್ಬು ಹೋದರೆ ಇಡೀ ಸಾಲು ಹೋಗುತ್ತಲ್ಲ? ಹೆಚ್ಚು ರೋಧದ ಬಲ್ಬುಗಳನ್ನ ಹಾಗೆ ಒಂದರ ಹಿಂದೆ ಒಂದು ಕಟ್ಟಬೇಕಿಲ್ಲ, ಪಕ್ಕಪಕ್ಕ ಜೋಡಿಸಬಹುದು. ನೀವು ಆರಿಸಿದರೆ ನಿಮ್ಮ ದೀಪ ಮಾತ್ರ ಆರುತ್ತೆ. ಮನೆ ದೀಪ ಅಂದ್ರೆ ಇದೇ ತಾನೆ?

ಇಂಗ್ಲೆಂಡಿನಲ್ಲಿ ಸ್ವಾನ್, ಎಡಿಸನ್ ಇಬ್ಬರೂ ಕೊನೆಗೆ 1883ರಲ್ಲಿ ಒಂದೇ ಕಂಪನಿ ಸೇರಿದರು. ಹೆಸರು ಎಡಿಸ್ವಾನ್.

ಭಾಗ 4/7: ಶಿವನಸಮುದ್ರದಿಂದ ಬೆಂಗಳೂರಿಗೆ

1882ರ ಸೆಪ್ಟೆಂಬರ್ 4ರಂದು ನ್ಯೂಯಾರ್ಕಿನ ಪರ್ಲ್ ಸ್ಟ್ರೀಟ್‌ನಿಂದ ಎಡಿಸನ್ ಕರೆಂಟ್ ಕೊಡೋಕೆ ಶುರು ಮಾಡಿದರು. ಸುಮಾರು 110 ವೋಲ್ಟ್. ಅದರಲ್ಲೂ ತಾಮ್ರದ ಕಾಟ ಪೂರ್ತಿ ತಪ್ಪಲಿಲ್ಲ. ಒಂದು ಮೈಲಿ ದಾಟುವ ಹೊತ್ತಿಗೆ ನಷ್ಟ ಲಾಭ ತಿಂದುಹಾಕ್ತಿತ್ತು. ಪ್ರತಿ ಮೈಲಿಗೆ ಒಂದು ಪವರ್ ಹೌಸ್ ಅಂದ್ರೆ ನಮ್ಮಂಥ ಊರಿಗೆ ಯಾವ ಕಾಲಕ್ಕೂ ಬರ್ತಿರಲಿಲ್ಲ.

ಪರಿಹಾರ ಅದೇ ಲೆಕ್ಕದಲ್ಲಿತ್ತು. ವೋಲ್ಟೇಜ್ ಏರಿಸಿದರೆ ಕರೆಂಟ್ ಇಳಿಯುತ್ತೆ, ನಷ್ಟ ಇನ್ನೂ ಇಳಿಯುತ್ತೆ. ಎಸಿ ಕರೆಂಟಿನಲ್ಲಿ ಟ್ರಾನ್ಸ್‌ಫಾರ್ಮರ್ ಇಟ್ಟು ವೋಲ್ಟೇಜ್ ಏರಿಸಿ ಕಳಿಸಿ, ಮನೆ ಹತ್ತಿರ ಇಳಿಸಬಹುದು. ನಮ್ಮೂರಲ್ಲಿ ಟಿಸಿ ಅಂತೀವಲ್ಲ, ಕಂಬದ ಮೇಲಿನ ಡಬ್ಬ, ಅದು ಮಾಡೋದು ಇದನ್ನೇ.

ಇದರ ದೊಡ್ಡ ಪ್ರಯೋಗ ಆದದ್ದು ನಮ್ಮಲ್ಲೇ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಕಾಲದಲ್ಲಿ ಯೋಜನೆ ಹಾಕಿ, 1902ರಲ್ಲಿ ಶಿವನಸಮುದ್ರದ ಕಾವೇರಿ ನೀರಿನಿಂದ ಕರೆಂಟ್ ಮಾಡಿ, ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ಹತ್ತಾರು ಸಾವಿರ ವೋಲ್ಟ್‌ನಲ್ಲಿ ಕಳಿಸಿದರು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ಲೈನುಗಳಲ್ಲಿ ಅದೂ ಒಂದು. ಮೊದಲ ಗಿರಾಕಿ ಗಣಿಯ ಯಂತ್ರಗಳು, ಮನೆಗಳಲ್ಲ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರ ಆಗಸ್ಟ್ 5ರಂದು.

ಭಾಗ 5/7: ಗಾಜು ಯಾಕೆ ಕಪ್ಪಾಗುತ್ತೆ?

ಹಳೇ ಬಲ್ಬಿನ ಗಾಜಿನ ಒಳಗೆ ಕಪ್ಪು ಮಸಿ ನೋಡಿದ್ದೀರಾ? ಕಾದ ದಾರ ಸ್ವಲ್ಪಸ್ವಲ್ಪವೇ ಆವಿಯಾಗಿ ಗಾಜಿಗೆ ಅಂಟಿದ್ದು ಅದು. ಕಾರ್ಬನ್ ಬಲ್ಬಿನಲ್ಲಿ ಇದು ಜಾಸ್ತಿ. ಹೆಚ್ಚು ಕಾಯಿಸಿದರೆ ಬೆಳಕು ಹೆಚ್ಚು, ಆಯಸ್ಸು ಕಮ್ಮಿ. ಕಡಿಮೆ ಕಾಯಿಸಿದರೆ ಮಂಕು ಹಳದಿ ಬೆಳಕು.

1904ರಲ್ಲಿ ಯುರೋಪಿನ ಯುಸ್ಟ್ ಮತ್ತು ಹನಮಾನ್ ಟಂಗ್‌ಸ್ಟನ್ ದಾರಕ್ಕೆ ಪೇಟೆಂಟ್ ಪಡೆದರು. ಲೋಹಗಳಲ್ಲೇ ಎಲ್ಲಕ್ಕಿಂತ ಹೆಚ್ಚು ಶಾಖಕ್ಕೆ ಕರಗುವುದು ಟಂಗ್‌ಸ್ಟನ್. ಆದ್ರೆ ಆಗ ಅದು ಗಾಜಿನ ಬಳೆ ಥರ ಮುರೀತಿತ್ತು. ವಿಲಿಯಂ ಕೂಲಿಡ್ಜ್ ಅದನ್ನ ಬಾಗುವ ತಂತಿಯಾಗಿ ಎಳೆಯುವ ದಾರಿ ಕಂಡರು. 1913ರಲ್ಲಿ ಇರ್ವಿಂಗ್ ಲ್ಯಾಂಗ್‌ಮ್ಯೂರ್, ಅಷ್ಟು ಕಷ್ಟಪಟ್ಟು ಖಾಲಿ ಮಾಡಿದ ಗಾಜಿನೊಳಗೆ ಮತ್ತೆ ಅನಿಲ ತುಂಬಿದರು! ಉರಿಸದ ಅನಿಲ ಒತ್ತಿ ಹಿಡಿಯೋದರಿಂದ ಲೋಹ ಬೇಗ ಆವಿಯಾಗಲ್ಲ. ಅನಿಲದಿಂದ ಶಾಖ ಸೋರದಿರಲಿ ಅಂತ ದಾರವನ್ನ ಸುರುಳಿ ಸುತ್ತಿದರು. ನಾವು ಚಿಕ್ಕವರಿದ್ದಾಗ ಅಲ್ಲಾಡಿಸಿ ನೋಡ್ತಿದ್ದ ಸುರುಳಿ ಅದೇ.

1936ರಲ್ಲಿ ಬೆಂಗಳೂರಿನ ಮಲ್ಲೇಶ್ವರದಲ್ಲಿ ಮೈಸೂರು ಲ್ಯಾಂಪ್ ವರ್ಕ್ಸ್ ಶುರುವಾಯ್ತು. ಬಲ್ಬು ಇಲ್ಲೇ ತಯಾರಾಯ್ತು.

ಭಾಗ 6/7: ಮತ್ತೆ ಅಜ್ಜಿ ಮನೆ

1980ರ ದಶಕದಲ್ಲಿ ಭಾಗ್ಯಜ್ಯೋತಿ ಯೋಜನೆಯಲ್ಲಿ ಬಡವರ ಮನೆಗಳಿಗೆ ಒಂದೊಂದು ಬಲ್ಬಿನ ಕನೆಕ್ಷನ್ ಸಿಕ್ಕಿತು. ಅಜ್ಜಿ ಮನೆಯದ್ದೂ ಹಾಗೇ ಬಂದದ್ದು.

ಈಗ ಲೆಕ್ಕ ನೋಡಿ. 230 ವೋಲ್ಟ್‌ನಲ್ಲಿ 40 ವ್ಯಾಟ್ ಬಲ್ಬು ಎಳೆಯೋದು 0.17 ಆಂಪಿಯರ್ ಮಾತ್ರ. ಉರಿಯುವಾಗ ಅದರ ರೋಧ ಸುಮಾರು 1,320 ಓಮ್. ಅದಕ್ಕೇ ಕಂಬದಿಂದ ಗುಡಿಸಲಿಗೆ ಸಣ್ಣ ವಯರ್ ಸಾಕಾಯ್ತು. ದಪ್ಪ ತಂತಿ ಬೇಕಾಗಿದ್ದರೆ ಒಂದು ಬಲ್ಬಿಗೆ ಯಾರು ಲೈನ್ ಎಳೀತಿದ್ದರು?

ಆದ್ರೂ ಅಜ್ಜಿ ಹೇಳ್ತಾಳೆ, "ಶೇಂಗಾಕ್ಕೆ ನೀರು ಬಿಡೋ ಟೈಮಲ್ಲಿ ಬಲ್ಬು ಕೆಂಪಗೆ ಕೆಂಡದಂಗೆ ಆಗೋದು ಕಣೋ, ಬುಡ್ಡಿನೇ ವಾಸಿ ಅನ್ನೋದು." ಅದೂ ತಾಮ್ರದ ಲೆಕ್ಕವೇ, ಈಗ ಅಲ್ಯೂಮಿನಿಯಂ ತಂತಿಯಲ್ಲಿ. ಬೋರ್‌ವೆಲ್ ಮೋಟರುಗಳು ಒಟ್ಟಿಗೆ ಜಾಸ್ತಿ ಕರೆಂಟ್ ಎಳೆದಾಗ ಲೈನಿನಲ್ಲಿ ನಷ್ಟ ಹೆಚ್ಚುತ್ತೆ, ಮನೆಗೆ 230ರ ಬದಲು 180 ವೋಲ್ಟ್ ತಲುಪುತ್ತೆ. ವೋಲ್ಟೇಜ್ ಕಾಲು ಭಾಗದಷ್ಟೂ ಇಳಿದಿರಲ್ಲ, ಆದ್ರೆ ದಾರ ತಣ್ಣಗಾಗಿ ಬೆಳಕು ಅರ್ಧಕ್ಕಿಂತ ಕಡಿಮೆ ಆಗುತ್ತೆ. ಮುಂದೆ ಬಲ್ಬು ಕೆಂಪಾದರೆ ಬಲ್ಬನ್ನ ಬೈಬೇಡಿ. ಅದೇ ಬಲ್ಬು ಮೋಟರ್ ನಿಂತ ಮೇಲೆ ಬೆಳ್ಳಗಾದರೆ ತೊಂದರೆ ಲೈನಿನದ್ದು ಅಂತ ಲೆಕ್ಕ.

ಭಾಗ 7/7: ತೂತು ಇನ್ನೂ ಇದೆ

ಸುರುಳಿ ಬಲ್ಬು ತಿನ್ನುವ ಕರೆಂಟಿನಲ್ಲಿ ಬಹುಪಾಲು ಶಾಖವಾಗಿಯೇ ಹೋಗುತ್ತೆ. ಅದು ಅದರ ಹುಟ್ಟು ಗುಣ, ಕಾಯದೆ ಅದು ಹೊಳೆಯಲ್ಲ. ಈಗಿನ ಎಲ್‌ಇಡಿ ಕಾದು ಬೆಳಗುವುದಲ್ಲ. ಅದಕ್ಕೆ 9 ವ್ಯಾಟಿನದ್ದು ಹಳೇ 40 ವ್ಯಾಟಿನದ್ದಕ್ಕಿಂತ ಹೆಚ್ಚು ಬೆಳಕು ಕೊಡುತ್ತೆ. ಒಂದು ಯೂನಿಟ್‌ನಲ್ಲಿ ಹಳೇದು 25 ಗಂಟೆ, ಹೊಸದು 111 ಗಂಟೆ.

ಅಜ್ಜಿ ಮನೆಯಲ್ಲಿ ಈಗ ಕೋಣೆಗೊಂದು ಎಲ್‌ಇಡಿ. ಗೋಡೆ ತೂತು ಮುಚ್ಚೋಣ ಅಂದ್ರೆ ಅಜ್ಜಿ ಬಿಡಲ್ಲ. ಅಲ್ಲಿ ಈಗ ಬೆಂಕಿಪೊಟ್ಟಣ, ಬುಡ್ಡಿ ಇಟ್ಟಿದ್ದಾಳೆ. "ಕರೆಂಟು ಹೋದ್ರೆ?" ಅಂತಾಳೆ.

ನಿಮ್ಮ ಮನೆಯ ಮೊದಲ ಬಲ್ಬು ಎಲ್ಲಿ ನೇತುಹಾಕಿದ್ದರು? ಯಾವ ಕೋಣೆಗೆ ಮೊದಲು ಬೆಳಕು ಸಿಕ್ಕಿತು, ಯಾವುದು ಕತ್ತಲಲ್ಲೇ ಉಳೀತು? ಇವತ್ತೇ ಅಜ್ಜಿ ತಾತನ್ನ ಕೇಳಿ, ಕಾಮೆಂಟಲ್ಲಿ ಬರೀರಿ.

#ಬಲ್ಬಿನಕಥೆ #ಬಿಜಿಕೆರೆ #ಮೊಳಕಾಲ್ಮೂರು #ಶಿವನಸಮುದ್ರ