ಚುಕ್ಕಿ ರಂಗೋಲಿಯ ಫೋಟೊ ಓದುವ ವಿಧಾನ

ಫೋಟೊದಲ್ಲಿರುವ ಚುಕ್ಕಿ ರಂಗೋಲಿಯನ್ನು ನೋಡಿ ಅದರ ಚುಕ್ಕಿಗಳ ಸಾಲು, ಸಮ್ಮಿತಿ ಮತ್ತು ಎಳೆ ಸಾಗಿದ ದಾರಿಯನ್ನು ವಿವರಿಸುವ ಕ್ರಮ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ಕಡೆ ಅಂಗಳಕ್ಕೆ ಥಳಿ ಹೊಡೆದು ಹಾಕುವ ರಂಗೋಲಿಗಳಿಗೂ ಇದು ಅನ್ವಯಿಸುತ್ತದೆ.

ಪುಡಿಯಿಂದ ಬಿಡಿಸುವ ಚಿತ್ರದ ಹಳೆಯ ಉಲ್ಲೇಖವೊಂದು ಈ ಸೀಮೆಯ ಪಕ್ಕದಲ್ಲೇ ಇದೆ. ಆಳಂದಕ್ಕೆ ಹೊಂದಿಕೊಂಡಿರುವ ಬಸವಕಲ್ಯಾಣ ಅಂದಿನ ಚಾಲುಕ್ಯರ ರಾಜಧಾನಿ. ಅಲ್ಲಿ ಆಳಿದ ಮೂರನೆಯ ಸೋಮೇಶ್ವರನ 12ನೆಯ ಶತಮಾನದ ‘ಮಾನಸೋಲ್ಲಾಸ’ ಚಿತ್ರಗಳ ಬಗೆಗಳಲ್ಲಿ ಧೂಳಿಚಿತ್ರವನ್ನೂ ಹೆಸರಿಸುತ್ತದೆ. ಆದರೆ ಎಳೆಯ ದಾರಿಯನ್ನೇ ಲೆಕ್ಕಕ್ಕೆ ತೆಗೆದುಕೊಂಡ ಅಧ್ಯಯನ ತೀರಾ ಈಚಿನದು, ಅದೂ ತಮಿಳುನಾಡಿನ ಕೋಲಂಗಳ ಮೇಲೆ ನಡೆದದ್ದು. 1974ರಲ್ಲಿ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೊಮನಿ, ರಾಣಿ ಸಿರೊಮನಿ ಮತ್ತು ಕಮಲಾ ಕೃತಿವಾಸನ್ ಕೋಲಂಗಳಿಗೆ ವ್ಯಾಕರಣದಂಥ ನಿಯಮಗಳನ್ನು ಕಟ್ಟಿದರು. ಮುಂದೆ ಮೊಜಾಂಬಿಕ್‌ನ ಗಣಿತಜ್ಞ ಪೌಲುಸ್ ಗೆರ್ಡೆಸ್ ಕೋಲಂಗಳನ್ನು ಆಫ್ರಿಕದ ಮರಳು ಚಿತ್ರಗಳೊಂದಿಗೆ ಇಟ್ಟು ನೋಡಿದರು.

ಓದುವವರು ಮೊದಲು ಎಳೆಯನ್ನು ಮರೆತು ಚುಕ್ಕಿಗಳನ್ನಷ್ಟೇ ನೋಡಬೇಕು. ಒಂದರ ಕೆಳಗೊಂದು ನೆಟ್ಟಗೆ ನಿಂತಿದ್ದರೆ ಅದು ನೇರ ಚುಕ್ಕಿ. ಮೇಲಿನ ಎರಡು ಚುಕ್ಕಿಗಳ ನಡುವಿನ ಸಂದಿಗೆ ಕೆಳಗಿನದು ಬಂದಿದ್ದರೆ ಸಂದು ಚುಕ್ಕಿ. ನಡುಸಾಲಿನಲ್ಲಿ 9 ಇಟ್ಟು, ಎರಡೂ ಕಡೆ ಎರಡೆರಡು ಕಡಿಮೆ ಮಾಡುತ್ತ 1ಕ್ಕೆ ತಂದರೆ ನೇರ ಚುಕ್ಕಿಯ ಚೌಕ ತಿರುಗಿ ನಿಲ್ಲುತ್ತದೆ. ಅದೇ 9ರಿಂದ ಒಂದೊಂದೇ ಇಳಿಸಿ 5ಕ್ಕೆ ನಿಲ್ಲಿಸಿದರೆ ಸಂದು ಚುಕ್ಕಿಯ ಆರುಮೂಲೆ. ಮೊದಲನೆಯದು ಕಾಲು ಸುತ್ತಿಗೆ, ಎರಡನೆಯದು ಆರನೆಯ ಒಂದು ಸುತ್ತಿಗೆ ತನ್ನ ಮೇಲೆ ತಾನೇ ಕೂರುತ್ತದೆ.

ಇಲ್ಲಿ ಫೋಟೊ ಸುಲಭವಾಗಿ ಮೋಸ ಮಾಡುತ್ತದೆ. ಹೊಸ್ತಿಲಲ್ಲಿ ನಿಂತು ಓರೆಯಾಗಿ ತೆಗೆದ ಚಿತ್ರದಲ್ಲಿ ದೂರದ ಚುಕ್ಕಿಗಳು ಒತ್ತೊತ್ತಾಗಿ ಕಾಣುತ್ತವೆ. ನಾಲ್ಕು ಕನ್ನಡಿ ಗೆರೆಗಳಿರುವ ರಂಗೋಲಿಗೆ ಒಂದೇ ಉಳಿದಂತೆ ತೋರುತ್ತದೆ. ಶಹಾಬಾದ್ ಪರಸಿ ಹಾಸಿದ ಅಂಗಳವಾದರೆ ಕಲ್ಲಿನ ಸಂದುಗೆರೆಗಳೇ ಇದಕ್ಕೆ ಮದ್ದು. ಆ ಗೆರೆಗಳು ಸಮಾನಾಂತರವಾಗಿ, ಕಲ್ಲುಗಳು ತಮ್ಮ ನಿಜವಾದ ಆಕಾರಕ್ಕೆ ಬರುವ ತನಕ ಚಿತ್ರವನ್ನು ನೇರ ಮಾಡಿಕೊಂಡ ಮೇಲೆಯೇ ಸಮ್ಮಿತಿಯ ಮಾತು ಆಡಬೇಕು.

ಇನ್ನು ಎಳೆ. ಚುಕ್ಕಿಗೆ ಚುಕ್ಕಿ ಸೇರಿಸಿ ಕಮಲವನ್ನೋ ನಕ್ಷತ್ರವನ್ನೋ ಬಿಡಿಸಿದ್ದರೆ ದಾರಿ ಹುಡುಕುವ ಕೆಲಸ ಅಷ್ಟಿಲ್ಲ. ಚುಕ್ಕಿಯನ್ನು ಮುಟ್ಟದೆ ಅದನ್ನು ಬಳಸಿಕೊಂಡು ಹೋಗುವ ಎಳೆ ರಂಗೋಲಿಯಲ್ಲೇ ಸ್ವಾರಸ್ಯ. ನೇರ ಚುಕ್ಕಿಯಲ್ಲಿ 1, 3, 5, 3, 1 ಇಟ್ಟು, ಅಕ್ಕಪಕ್ಕದ ಪ್ರತಿ ಎರಡು ಚುಕ್ಕಿಗಳ ನಡುವೆ ಎಳೆಗಳನ್ನು ದಾಟಿಸಿದ ರಂಗೋಲಿಯನ್ನು ತೆಗೆದುಕೊಳ್ಳಿ. ಚುಕ್ಕಿ 13, ದಾಟು 16. ಮೇಲ್ತುದಿಯ ಚುಕ್ಕಿಯ ಬಲಬದಿಯಿಂದ ಬೆರಳಿಟ್ಟು ಹೊರಟರೆ, ಎಳೆ ಅದರ ಕೆಳಗೆ ದಾಟಿ ಎಡಕ್ಕೆ ಜಾರಿ ಎಡತುದಿಯ ಚುಕ್ಕಿಯನ್ನು ಸುತ್ತುತ್ತದೆ. ಅಲ್ಲಿಂದ ಕೆಳತುದಿ, ಬಲತುದಿ ಸುತ್ತಿ ಹೊರಟಲ್ಲಿಗೇ ಬರುತ್ತದೆ. ಪ್ರತಿ ದಾಟಿನಲ್ಲೂ ನೇರ ಮುಂದಕ್ಕೇ ಹೋಗಬೇಕು, ತಿರುಗಬಾರದು. ಓದು ತಪ್ಪುವುದು ಸಾಮಾನ್ಯವಾಗಿ ಇಲ್ಲೇ. ಇಷ್ಟಾದರೂ ನಡುವಿನ ಚುಕ್ಕಿಯ ಹತ್ತಿರದ ಗೆರೆಗಳು ಉಳಿದಿರುತ್ತವೆ. ಅವು ಇನ್ನೆರಡು ಎಳೆಗಳು: ಒಂದು ಎಡಮೇಲಿಂದ ಬಲಕೆಳಕ್ಕೆ, ಮತ್ತೊಂದು ಬಲಮೇಲಿಂದ ಎಡಕೆಳಕ್ಕೆ ಉದ್ದುದ್ದ ಚಾಚಿ ನಡುಚುಕ್ಕಿಯನ್ನು ಎರಡೂ ಬಳಸುತ್ತವೆ. ಒಂದನ್ನು ಕಾಲು ಸುತ್ತು ತಿರುಗಿಸಿದರೆ ಇನ್ನೊಂದು. ಆದ್ದರಿಂದ “ಮೂರು ಎಳೆ, ನಾಲ್ಕು ಕನ್ನಡಿ ಗೆರೆ, ಕಾಲು ಸುತ್ತಿನ ಸಮ್ಮಿತಿ” ಎಂದು ಬರೆಯುವುದು ಸರಿ.

ಒಂದೇ ಎಳೆಯಲ್ಲಿ ಮುಗಿಸಬೇಕೆಂದರೆ ದಾಟುಗಳನ್ನು ಬಿಡಿಸಬೇಕು. ಬೇರೆ ಬೇರೆ ಎರಡು ಎಳೆಗಳು ಕೂಡುವ ದಾಟಿನಲ್ಲಿ ಅವನ್ನು ದಾಟಿಸದೆ ಬೆನ್ನಿಗೆ ಬೆನ್ನು ತಿರುಗಿಸಿದರೆ ಎರಡೂ ಒಂದಾಗುತ್ತವೆ. ಮೇಲಿನಿಂದ ಎರಡನೆಯ ಸಾಲಿನ ಮೂರು ಚುಕ್ಕಿಗಳ ನಡುವಿನ ಎರಡು ದಾಟುಗಳಲ್ಲಿ ಹೀಗೆ ಮಾಡಿದರೆ ಸಾಕು, ಇಡೀ ರಂಗೋಲಿ ಒಂದೇ ಎಳೆಯಾಗುತ್ತದೆ. ಆದರೆ ನಾಲ್ಕು ಕನ್ನಡಿ ಗೆರೆಗಳಲ್ಲಿ ಮೇಲಿಂದ ಕೆಳಗಿನದೊಂದೇ ಉಳಿಯುತ್ತದೆ, ತಿರುಗುವ ಸಮ್ಮಿತಿ ಹೋಗುತ್ತದೆ. ಇಂಥ ಚಿತ್ರ ಕಂಡಾಗ ಹಾಕಿದವರು ಕೈತಪ್ಪಿದರೆಂದು ಬರೆಯುವುದು ಅವಸರದ ಮಾತು. ಬಿಡಿಸಿದ ದಾಟುಗಳು ಜೋಡಿಯಾಗಿ ಎದುರುಬದುರಿದ್ದರೆ ಅದು ಬೇಕೆಂದೇ ಮಾಡಿದ್ದಿರಬಹುದು. ಎಲ್ಲೋ ಒಂದೇ ಕಡೆ ಇದ್ದರೆ ಅನುಮಾನಿಸಬಹುದು.

ಚುಕ್ಕಿಗಳು ಚೌಕ ಅಥವಾ ಆಯತಕ್ಕೆ ತುಂಬಿ, ಎಲ್ಲ ಕಡೆ ದಾಟುಗಳಿದ್ದರೆ ಎಣಿಕೆ ಇನ್ನೂ ಸುಲಭ: ಸಾಲು ಮತ್ತು ಕಂಬಸಾಲುಗಳ ಸಂಖ್ಯೆಗಳ ಮಹತ್ತಮ ಸಾಮಾನ್ಯ ಅಪವರ್ತನವೇ ಎಳೆಗಳ ಸಂಖ್ಯೆ. 3 ಸಾಲು 4 ಚುಕ್ಕಿಗೆ ಒಂದೇ ಎಳೆ, 3 ಸಾಲು 3 ಚುಕ್ಕಿಗೆ ಮೂರು. ಮೇಲಿನ 1, 3, 5ರಂಥ ಆಕಾರಕ್ಕೆ ಈ ಲೆಕ್ಕ ನಡೆಯದು, ಬೆರಳಿಟ್ಟೇ ನೋಡಬೇಕು.

ಫೋಟೊದಿಂದ ತಿಳಿಯುವುದು ಮುಚ್ಚಿದ ದಾರಿ ಮಾತ್ರ. ಕೈ ಎಲ್ಲಿ ಶುರುವಾಯಿತು, ಯಾವ ಕಡೆಗೆ ಸಾಗಿತು ಎನ್ನುವುದು ಖಚಿತವಾಗಿ ತಿಳಿಯದು. ಬೆಳಗಿನ ಓರೆ ಬಿಸಿಲಿನಲ್ಲಿ ತೆಗೆದಿದ್ದರೆ ಪುಡಿ ದಪ್ಪಗೆ ಬಿದ್ದ ಕಡೆ ಸಣ್ಣ ಗುಡ್ಡೆಯ ನೆರಳು ಕಾಣುತ್ತದೆ, ಅಲ್ಲಿ ಚಿಟಿಕೆ ಮುಗಿದು ಮತ್ತೆ ಪುಡಿ ತೆಗೆದುಕೊಂಡಿರಬಹುದೆಂದು ಊಹಿಸಬಹುದು. ನಡುಹಗಲಿನ ಮೊಬೈಲ್ ಚಿತ್ರದಲ್ಲಿ ಬಿಳಿ ಪುಡಿ ಹೊಳೆದು ಆ ಗುರುತೂ ಅಳಿಸಿಹೋಗಿರುತ್ತದೆ.